ಜಾಕೋಬಿಯನ್ ಕೈಚೆಲ್ಲಿದ ಕಡೆ: ಗಾಳಿಯ ಎಳೆತವಿರುವ ಲೋಲಕದ ತಳಬಿಂದು ಸ್ಥಿರವೋ ಅಲ್ಲವೋ?

ತೂಗುಯ್ಯಾಲೆ

1 ಮೀಟರ್ ಉದ್ದದ ಲೋಲಕ. ಗಾಳಿಯ ಎಳೆತ ವೇಗದ ವರ್ಗಕ್ಕೆ ತಕ್ಕಂತೆ ಇರುತ್ತದೆ ಎಂದು ಇಟ್ಟುಕೊಂಡಿದ್ದೇನೆ. ಸಮೀಕರಣಗಳು ಇಷ್ಟೇ:

```
θ' = v
v' = -9.8 sin θ - 0.2 |v| v
```

ತಳದ ಬಿಂದುವಿನಲ್ಲಿ, ಅಂದರೆ θ = 0, v = 0 ಇರುವಲ್ಲಿ, ಜಾಕೋಬಿಯನ್ ತೆಗೆದೆ. |v|v ಯ ಡೆರಿವೇಟಿವ್ 2|v|. ಅದು v = 0 ಯಲ್ಲಿ ಸೊನ್ನೆ. ಹಾಗಾಗಿ ಮ್ಯಾಟ್ರಿಕ್ಸ್‌ನಲ್ಲಿ ಎಳೆತದ ಸುಳಿವೇ ಇಲ್ಲ:

```
[  0     1 ]
[ -9.8   0 ]
```

ಐಗನ್ ವ್ಯಾಲ್ಯೂ ±3.13i. ರಿಯಲ್ ಭಾಗ ಸೊನ್ನೆ, ಆದ್ದರಿಂದ ಇಲ್ಲಿಂದ ಏನೂ ಹೇಳಲಾಗದು ಎನ್ನುತ್ತದೆ ಪಾಠ. ಸರಿ, ಓಡಿಸಿಯೇ ನೋಡೋಣ ಎಂದು ಇದನ್ನು ಬರೆದೆ:

```python
from math import sin
h, th, v = 0.01, 0.1, 0.0
peak = 0.0
for k in range(20000):
    a = -9.8*sin(th) - 0.2*abs(v)*v
    th, v = th + h*v, v + h*a
    if k > 19000:
        peak = max(peak, abs(th))
print(peak)
```

0.1 ರೇಡಿಯನ್‌ನಿಂದ ಬಿಟ್ಟ ಲೋಲಕದ ತೂಗು ಕಡಿಮೆಯಾಗುವ ಬದಲು ಬೆಳೆದು, 0.18ರ ಹತ್ತಿರ ನಿಂತುಬಿಡುತ್ತದೆ. 0.4ರಿಂದ ಬಿಟ್ಟರೆ ಇಳಿದು ಅಲ್ಲಿಗೇ ಬಂದು ನಿಲ್ಲುತ್ತದೆ. ಹಾಗಾದರೆ ತಳಬಿಂದು ಅಸ್ಥಿರವೇ? ಗಾಳಿಯ ಎಳೆತ ಶಕ್ತಿಯನ್ನು ಕಸಿಯಬೇಕಲ್ಲ, ಕೊಡುತ್ತಿರುವುದು ಯಾರು?

ಕರಾವಳಿ_ಕಂಟ್ರೋಲ್ಸ್

ರಿಯಲ್ ಭಾಗ ಸೊನ್ನೆ ಇದ್ದು ಇಮ್ಯಾಜಿನರಿ ಜೋಡಿ ಬಂದರೆ ಅದು ಸೆಂಟರ್. ಸುತ್ತ ಮುಚ್ಚಿದ ಕಕ್ಷೆಗಳು. ಸ್ಥಿರ, ಆದರೆ ಬಿಂದುವಿಗೆ ಮರಳುವುದಿಲ್ಲ. ನಿಮ್ಮ ಸಿಮ್ಯುಲೇಶನ್‌ನಲ್ಲಿ 0.18ರ ಮುಚ್ಚಿದ ಕಕ್ಷೆ ಕಾಣಿಸಿದ್ದು ಅದೇ ಕಾರಣಕ್ಕೆ.

ಶೂನ್ಯಬಿಂದು

ಕರಾವಳಿಯವರೇ, ಸೆಂಟರ್ ಎಂಬ ಮಾತು ಲೀನಿಯರ್ ಮಾಡಿದ ಸಮೀಕರಣಕ್ಕೆ ಮಾತ್ರ ಸರಿ. ಮೂಲ ಸಮೀಕರಣಕ್ಕೆ ಅದನ್ನು ದಾಟಿಸುವಂತಿಲ್ಲ. ಇದೇ ಮ್ಯಾಟ್ರಿಕ್ಸ್ ಇಟ್ಟುಕೊಂಡು ಮೂರು ಬೇರೆ ಬೇರೆ ಲೋಲಕ ಮಾಡಬಹುದು. ಎಳೆತದ ಪದ -0.2|v|v ಆದರೆ ತೂಗು ಸಾಯುತ್ತದೆ. ಚಿಹ್ನೆ ತಿರುಗಿಸಿ +0.2|v|v ಮಾಡಿದರೆ ತೂಗು ಬೆಳೆಯುತ್ತದೆ. ಇನ್ನು ಯಾರಾದರೂ `abs` ಬರೆಯಲು ಮರೆತು -0.2*v*v ಎಂದು ಬರೆದರೆ ಕಕ್ಷೆಗಳು ನಿಜಕ್ಕೂ ಮುಚ್ಚಿಕೊಳ್ಳುತ್ತವೆ. ಆ ಬಲ ಲೋಲಕ ಎತ್ತ ಹೋದರೂ ಒಂದೇ ದಿಕ್ಕಿಗೆ ತಳ್ಳುತ್ತದೆ. ಹೋಗುವಾಗ ಕಿತ್ತುಕೊಂಡದ್ದನ್ನು ಬರುವಾಗ ವಾಪಸು ಕೊಡುತ್ತದೆ. ಕಾಲವನ್ನೂ v ಯನ್ನೂ ಒಟ್ಟಿಗೆ ತಿರುಗಿಸಿದರೆ ಸಮೀಕರಣ ಬದಲಾಗದು ಎಂಬುದನ್ನು ನೋಡಿದರೆ ಸಾಕು. ಮೂರಕ್ಕೂ ಜಾಕೋಬಿಯನ್ ಒಂದೇ, ಗತಿ ಮೂರು ತೆರ. ನಿರ್ಣಯ ಆಗದು ಎನ್ನುವುದರ ಅರ್ಥ ಇದು: ಉತ್ತರ ಇರುವುದು ಲೀನಿಯರ್ ಮಾಡುವಾಗ ನಾವು ಎಸೆದ ಪದಗಳಲ್ಲಿ.

ಲ್ಯಾಪುನೋವ್ 1892ರ ಪ್ರಬಂಧದಲ್ಲಿ ಕೊಟ್ಟ ನಿಯಮ ಎರಡೇ ಕಡೆ ಮಾತನಾಡುತ್ತದೆ. ಎಲ್ಲ ರಿಯಲ್ ಭಾಗಗಳೂ ಋಣವಾಗಿದ್ದರೆ ಹತ್ತಿರದಿಂದ ಹೊರಟದ್ದು ಬಿಂದುವಿಗೆ ಮರಳುತ್ತದೆ. ಒಂದೇ ಒಂದು ಧನವಾಗಿದ್ದರೂ ಬಿಂದು ಅಸ್ಥಿರ, ಉಳಿದವು ಸೊನ್ನೆಯೇ ಇರಲಿ. ಈ ಎರಡನೆಯದನ್ನು ಬಹಳ ಜನ ಮರೆತು, ಸೊನ್ನೆ ಕಂಡ ಕೂಡಲೇ ನಿರ್ಣಯ ಇಲ್ಲ ಎಂದು ಬರೆದುಬಿಡುತ್ತಾರೆ. ಇದೇ ಲೋಲಕದ ತುದಿಬಿಂದು θ = π ನೋಡಿ: ಕೆಳಗಿನ ಸಾಲಿನ -9.8 ಅಲ್ಲಿ +9.8 ಆಗಿ ಐಗನ್ ವ್ಯಾಲ್ಯೂ ±3.13 ಬರುತ್ತದೆ. ಒಂದು ಧನ ಇದೆ, ಅಲ್ಲಿಗೆ ಕಥೆ ಮುಗಿಯಿತು.

ಮಲೆನಾಡಮಳೆ

ನನಗೆ ಇದು ಹಾಫ್ ಕವಲೊಡೆತದ ಹಾಗೆ ಕಾಣುತ್ತಿದೆ. ಇಮ್ಯಾಜಿನರಿ ಜೋಡಿ ಅಕ್ಷದ ಮೇಲಿದೆ, ಒಳಗಿನಿಂದಲೂ ಹೊರಗಿನಿಂದಲೂ 0.18ರ ಉಂಗುರಕ್ಕೆ ಬಂದು ಸೇರುತ್ತಿದೆ. ಅದು ಸ್ಥಿರವಾದ ಲಿಮಿಟ್ ಸೈಕಲ್ ಅಲ್ಲವೇ? ಮೂರನೆಯ ಡೆರಿವೇಟಿವ್‌ಗಳಿಂದ ಮೊದಲ ಲ್ಯಾಪುನೋವ್ ಗುಣಾಂಕ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ.

ಶೂನ್ಯಬಿಂದು

ಉಂಗುರದ ಲಕ್ಷಣ ನೀವು ಸರಿಯಾಗಿಯೇ ಗುರುತಿಸಿದ್ದೀರಿ. ಆದರೆ ಎರಡು ತೊಡಕಿವೆ. ಮೊದಲನೆಯದು, ಆ ಗುಣಾಂಕದ ಸೂತ್ರಕ್ಕೆ ಎರಡನೆಯ ಮತ್ತು ಮೂರನೆಯ ಡೆರಿವೇಟಿವ್ ಬೇಕು. |v|v ಗೆ ಮೊದಲನೆಯದು ಇದೆ, v = 0 ಯಲ್ಲಿ ಎರಡನೆಯದೇ ಇಲ್ಲ: ಎಡದಿಂದ -2, ಬಲದಿಂದ +2. ಕಂಪ್ಯೂಟರ್ ಆಲ್ಜಿಬ್ರಾಗೆ ಕೊಟ್ಟರೆ ಅದು ಏನೋ ಒಂದು ಸಂಖ್ಯೆ ಉಗುಳಬಹುದು, ನಂಬಬೇಡಿ.

ಎರಡನೆಯದು, ಶಕ್ತಿಯ ಲೆಕ್ಕ ಈ ಉಂಗುರವನ್ನು ಒಪ್ಪುವುದಿಲ್ಲ. E = v²/2 + 9.8(1 - cos θ) ಎಂದು ತೆಗೆದುಕೊಳ್ಳಿ. ಸಮೀಕರಣದ ದಾರಿಯಲ್ಲಿ ಅದರ ಬದಲಾವಣೆಯ ದರ ಲೆಕ್ಕ ಹಾಕಿದರೆ sin θ ಪದಗಳು ಒಂದಕ್ಕೊಂದು ಹೊಡೆದುಹೋಗಿ ಉಳಿಯುವುದು ಇಷ್ಟು:

```
E' = -0.2 |v|³
```

ಮುಚ್ಚಿದ ಕಕ್ಷೆಯಲ್ಲಿ ಒಂದು ಸುತ್ತು ಹಾಕಿ ಬಂದಾಗ E ಮೊದಲಿದ್ದಷ್ಟೇ ಇರಬೇಕು. ಇಲ್ಲಿ ಪ್ರತಿ ಸುತ್ತಿಗೂ ಇಳಿಯುತ್ತಲೇ ಇದೆ. ಹಾಗಾಗಿ 0.18 ಇರಲಿ, ಯಾವ ಅಳತೆಯ ತೂಗುವ ಉಂಗುರವೂ ಈ ಸಮೀಕರಣದಲ್ಲಿ ಇಲ್ಲ.

ಕರಾವಳಿ_ಕಂಟ್ರೋಲ್ಸ್

ಒಪ್ಪಿದೆ, ಸೆಂಟರ್ ಎಂದದ್ದು ತಪ್ಪಾಯಿತು. ಹಾಗಿದ್ದರೆ E' ≤ 0 ಆಯಿತಲ್ಲ, ಲೋಲಕ ಬಿಂದುವಿಗೆ ಮರಳುತ್ತದೆ ಎಂದು ಅಲ್ಲೇ ಮುಗಿಸಬಹುದು.

ಶೂನ್ಯಬಿಂದು

ಇನ್ನೊಂದು ಹೆಜ್ಜೆ ಬೇಕು. ಎಳೆತವೇ ಇಲ್ಲದ ಲೋಲಕಕ್ಕೂ E' ≤ 0 ಎನ್ನುವುದು ನಿಜ, ಯಾಕೆಂದರೆ ಅಲ್ಲಿ E' = 0. ಅದು ಮರಳುವುದಿಲ್ಲ. E' ≤ 0 ಇದ್ದರೆ ದೂರ ಓಡಿಹೋಗುವುದಿಲ್ಲ ಎಂದಷ್ಟೇ ಸಿಗುತ್ತದೆ. ಮರಳುತ್ತದೆ ಎನ್ನಲು, E' = 0 ಆಗುವ ಜಾಗದಲ್ಲಿ ಲೋಲಕ ಉಳಿದುಕೊಳ್ಳಬಲ್ಲದೇ ಎಂದು ಕೇಳಬೇಕು. ಇಲ್ಲಿ E' ಸೊನ್ನೆಯಾಗುವುದು v = 0 ಗೆರೆಯ ಮೇಲೆ, ಅಂದರೆ ತೂಗಿನ ಎರಡು ತುದಿಗಳಲ್ಲಿ. ಆ ಕ್ಷಣ v' = -9.8 sin θ. ತುದಿಬಿಂದುವಿಗಿಂತ ಕೆಳಗೆ θ ಸೊನ್ನೆಯಲ್ಲದಿದ್ದರೆ ಇದು ಸೊನ್ನೆಯಲ್ಲ, ಲೋಲಕ ತಕ್ಷಣ ಆ ಗೆರೆ ಬಿಟ್ಟು ಹೊರಡುತ್ತದೆ. ಅಲ್ಲೇ ತಂಗಲು ಸಾಧ್ಯವಿರುವುದು ತಳಬಿಂದುವಿನಲ್ಲಿ ಮಾತ್ರ. ಕ್ರಾಸೋವ್‌ಸ್ಕಿ ಮತ್ತು ಲಾಸಾಲ್ ಹೆಸರಿನ ವಾದ ಇದೇ. ಇದಾದ ಮೇಲೆ ಧೈರ್ಯವಾಗಿ ಬರೆಯಬಹುದು: ತಳಬಿಂದು ಸ್ಥಿರ, ಲೋಲಕ ಅಲ್ಲಿಗೇ ಮರಳುತ್ತದೆ.

ತೂಗುಯ್ಯಾಲೆ

ವಾದ ಅರ್ಥವಾಯಿತು. ಆದರೆ 0.18 ಎಲ್ಲಿಂದ ಬಂತು? ಕೋಡ್‌ನಲ್ಲಿ `abs` ಇದೆ, ಚಿಹ್ನೆಯೂ ಸರಿ ಇದೆ.

ಅಂಕಿಸಂಖ್ಯೆ

0.18 ಬಂದದ್ದು ನಿಮ್ಮ `h`ನಿಂದ. ಲೆಕ್ಕ ಹಾಕಿಯೇ ತೋರಿಸಬಹುದು.

ನೀವು ಬರೆದಿರುವುದು ಸಾದಾ ಆಯ್ಲರ್ ವಿಧಾನ. ±iω ಐಗನ್ ವ್ಯಾಲ್ಯೂ ಇರುವ ಕಡೆ ಅದು ಪ್ರತಿ ಹೆಜ್ಜೆಗೆ ತೂಗನ್ನು √(1 + h²ω²) ಪಟ್ಟು ಹಿಗ್ಗಿಸುತ್ತದೆ. ವೃತ್ತದ ಮೇಲೆ ನಡೆಯಬೇಕಾದವನು ಪ್ರತಿ ಹೆಜ್ಜೆಯನ್ನೂ ಸ್ಪರ್ಶರೇಖೆಯ ಮೇಲೆ ಇಟ್ಟರೆ ಸ್ವಲ್ಪ ಸ್ವಲ್ಪವೇ ಹೊರಕ್ಕೆ ಜಾರುತ್ತಾನಲ್ಲ, ಹಾಗೆ. ಸೆಕೆಂಡಿಗೆ ಬೆಳವಣಿಗೆಯ ದರ hω²/2. ನಿಮ್ಮಲ್ಲಿ h = 0.01, ω² = 9.8, ಆದ್ದರಿಂದ 0.049.

ಈಗ ನಿಜವಾದ ಎಳೆತ. ಒಂದು ತೂಗಿನ ಉದ್ದಕ್ಕೆ E' ಯ ಸರಾಸರಿ ತೆಗೆದರೆ, ತೂಗಿನ ಅಗಲ a ಗೆ ಹೀಗೆ ಬರುತ್ತದೆ:

```
a' = -(4/(3π)) · 0.2 · 3.13 · a² ≈ -0.266 a²
```

4/(3π) ಎನ್ನುವುದು |sin|³ ನ ಸರಾಸರಿ. ಎರಡನ್ನೂ ಕೂಡಿಸಿ, ನಿಮ್ಮ ಕೋಡ್ ನಿಜಕ್ಕೂ ಬಿಡಿಸುತ್ತಿರುವುದು ಇದನ್ನು:

```
a' ≈ 0.049 a - 0.266 a²
```

ಸೊನ್ನೆಗೆ ಸಮ ಮಾಡಿದರೆ a ≈ 0.184. ನಿಮ್ಮ ಉಂಗುರ ಸಿಕ್ಕಿತು. ಶಕ್ತಿ ಕೊಡುತ್ತಿದ್ದದ್ದು ಗಾಳಿಯಲ್ಲ, ಆಯ್ಲರ್.

ಪರೀಕ್ಷಿಸುವುದು ಸುಲಭ. `h` ಅರ್ಧಕ್ಕೆ ಇಳಿಸಿ, ಓಡುವ ಒಟ್ಟು ಕಾಲವನ್ನು 400 ಸೆಕೆಂಡಿಗೆ ಏರಿಸಿ. ಉಂಗುರವೂ ಅರ್ಧವಾಗಿ 0.092ರ ಹತ್ತಿರ ಬರಬೇಕು. ನಿಜವಾದ ಲಿಮಿಟ್ ಸೈಕಲ್ ಆಗಿದ್ದರೆ `h` ಬದಲಿಸಿದರೂ ಅಲುಗಾಡುತ್ತಿರಲಿಲ್ಲ.

ರಿಪೇರಿಗೆ ಒಂದೇ ಸಾಲು ಬದಲಿಸಿ. ಮೊದಲು `v`, ಆಮೇಲೆ ಆ ಹೊಸ `v` ಇಟ್ಟುಕೊಂಡು `th`:

```python
    v = v + h*a
    th = th + h*v
```

ಈ ಕ್ರಮದಲ್ಲಿ ಆ ಸುಳ್ಳು ಬೆಳವಣಿಗೆ ಬರುವುದಿಲ್ಲ. 0.1ರಿಂದ ಬಿಟ್ಟರೆ 200 ಸೆಕೆಂಡ್ ಆದಮೇಲೆ 0.016ರ ಆಸುಪಾಸು ಇರಬೇಕು.

ತೂಗುಯ್ಯಾಲೆ

`h = 0.005` ಇಟ್ಟು 400 ಸೆಕೆಂಡ್ ಓಡಿಸಿದೆ, 0.092 ಬಂತು. ಸಾಲು ಬದಲಿಸಿದ ಮೇಲೆ 0.016. ಆದರೆ ಇಳಿಯುವುದು ತುಂಬಾ ನಿಧಾನ. ಮೊದಲು ಬೇಗ ಇಳಿಯುತ್ತದೆ, ಆಮೇಲೆ ತೆವಳುತ್ತದೆ. ಇದೂ ಲೆಕ್ಕದ ದೋಷವೇ?

ಶೂನ್ಯಬಿಂದು

ಇಲ್ಲ, ಇದು ಈ ಪ್ರಕರಣದ ಗುರುತು. a' = -0.266 a² ಬಿಡಿಸಿದರೆ 1/a = 10 + 0.266 t. ಅಂದರೆ 0.1 ಅರ್ಧಕ್ಕೆ ಬರಲು ಸುಮಾರು 38 ಸೆಕೆಂಡ್, ಅಲ್ಲಿಂದ ಮತ್ತೆ ಅರ್ಧವಾಗಲು 75, ಮತ್ತೆ ಅರ್ಧವಾಗಲು 150. ರಿಯಲ್ ಭಾಗ ಋಣವಾಗಿದ್ದರೆ ಪ್ರತಿ ಅರ್ಧಕ್ಕೂ ಅಷ್ಟೇ ಹೊತ್ತು ಹಿಡಿಯುತ್ತಿತ್ತು. ಅರ್ಧವಾಗುವ ಹೊತ್ತು ಪ್ರತಿ ಸಲ ದುಪ್ಪಟ್ಟಾಗುತ್ತಿದೆ ಎಂದರೆ ಲೀನಿಯರ್ ಭಾಗ ಏನೂ ಮಾಡುತ್ತಿಲ್ಲ, ಕೆಲಸ ಮಾಡುತ್ತಿರುವುದು ವರ್ಗದ ಪದ. ನಿಜವಾದ ಲೋಲಕದ ಅಳತೆ ಕೈಯಲ್ಲಿದ್ದರೂ ಇದೇ ಪರೀಕ್ಷೆ ನಡೆಯುತ್ತದೆ. ಅಲ್ಲಿ ಸಾಮಾನ್ಯವಾಗಿ ಕೀಲಿನ ಘರ್ಷಣೆ ಇದ್ದೇ ಇರುತ್ತದೆ. ಅದರಲ್ಲಿ ವೇಗಕ್ಕೆ ಅನುಪಾತದಲ್ಲಿರುವ ಒಂದು ಚೂರು ಇದ್ದರೂ ಸಾಕು, ಕೊನೆಕೊನೆಯ ಸಣ್ಣ ತೂಗುಗಳಲ್ಲಿ ಅದೇ ಮೇಲುಗೈ ಪಡೆಯುತ್ತದೆ, ಜಾಕೋಬಿಯನ್ನಿಗೂ ಮತ್ತೆ ಬಾಯಿ ಬರುತ್ತದೆ.

ತುಂಗಾತೀರ

ನನ್ನದೂ ಇದೇ ತೊಂದರೆ ಎಂದುಕೊಂಡಿದ್ದೇನೆ. ಸೋಂಕಿನ ಮಾದರಿ: S' = -βSI, I' = βSI - γI. ಸೋಂಕೇ ಇಲ್ಲದ ಸ್ಥಿತಿಯಲ್ಲಿ ಐಗನ್ ವ್ಯಾಲ್ಯೂ 0 ಮತ್ತು βS₀ - γ. ಸೊನ್ನೆ ಬಂದಿದೆ, ಆದ್ದರಿಂದ ನಿರ್ಣಯ ಇಲ್ಲ ಎಂದು ವರದಿಯಲ್ಲಿ ಬರೆಯಲೇ? ಯಾವ ಶಕ್ತಿಯ ಸೂತ್ರ ಹುಡುಕಲಿ?

ಶೂನ್ಯಬಿಂದು

ನಿಮ್ಮದು ಬೇರೆ ಜಾತಿ. βS₀ > γ ಇದ್ದರೆ ಒಂದು ಧನ ಇದೆ, ಅಸ್ಥಿರ, ಸೊನ್ನೆಯ ಮಾತೇ ಬೇಡ. βS₀ < γ ಇದ್ದಾಗ ಆ ಸೊನ್ನೆ ಯಾಕೆ ಬಂತು ಎಂದು ನೋಡಿ. I = 0 ಇದ್ದರೆ S ಎಷ್ಟೇ ಇದ್ದರೂ ಅದು ಸಮತೋಲನವೇ. ಬಿಂದು ಒಂಟಿಯಾಗಿಲ್ಲ, ಸಮತೋಲನಗಳ ಒಂದು ಇಡೀ ಗೆರೆಯೇ ಇದೆ. ಆ ಗೆರೆಯುದ್ದಕ್ಕೂ ಯಾವ ಚಲನೆಯೂ ಇಲ್ಲ, ಸೊನ್ನೆ ಹೇಳುತ್ತಿರುವುದು ಅದನ್ನೇ. ಕೆಲವು ಸೋಂಕಿತರನ್ನು ಒಳಗೆ ಬಿಟ್ಟರೆ I ಸೊನ್ನೆಗೆ ಇಳಿಯುತ್ತದೆ, S ಮಾತ್ರ ಮೊದಲಿದ್ದಲ್ಲಿಗೆ ಬಾರದೆ ಸ್ವಲ್ಪ ಕಡಿಮೆಯಲ್ಲಿ ನಿಲ್ಲುತ್ತದೆ. ಹಾಗಾಗಿ ಸ್ಥಿರ ಹೌದು, ಅದೇ ಬಿಂದುವಿಗೆ ಮರಳುತ್ತದೆ ಎನ್ನುವಂತಿಲ್ಲ. ವರದಿಯಲ್ಲಿ ಇದನ್ನೇ ಬರೆಯಿರಿ.

ಮಲೆನಾಡಮಳೆ

ಸೊನ್ನೆ ಐಗನ್ ವ್ಯಾಲ್ಯೂ ಬಂದಾಗ ನಾನು ಮಾಡುವ ಉಪಾಯ ಹೇಳುತ್ತೇನೆ. ಋಣ ಇರುವ ದಿಕ್ಕು ಹೇಗೂ ಬೇಗ ಸಾಯುತ್ತದೆ. ಆ ವೇರಿಯಬಲ್ ಸೊನ್ನೆ ಎಂದು ಇಟ್ಟು ಉಳಿದದ್ದನ್ನು ನೋಡಿದರಾಯಿತು. ಉದಾಹರಣೆಗೆ:

```
x' = x² y - x⁵
y' = -y + x²
```

ಸೊನ್ನೆಯಲ್ಲಿ ಐಗನ್ ವ್ಯಾಲ್ಯೂ 0 ಮತ್ತು -1. y = 0 ಹಾಕಿದರೆ x' = -x⁵, ಸ್ಥಿರ.

ಶೂನ್ಯಬಿಂದು

ಮೊದಲ ಅರ್ಧ ಸರಿ, ಆದರೆ ನೀವು ಕೊಟ್ಟ ಉದಾಹರಣೆಯಲ್ಲೇ ಉತ್ತರ ತಪ್ಪುತ್ತದೆ. y ಬೇಗ ಸಾಯುತ್ತದೆ ನಿಜ, ಆದರೆ ಸಾಯುವುದು ಸೊನ್ನೆಗಲ್ಲ. y' = -y + x² ನೋಡಿ. x ತೆವಳುತ್ತಿರುವಾಗ y ಹೋಗಿ ಕೂರುವುದು x² ಮೇಲೆ. ಆ ಬಾಗಿದ ಗೆರೆಯೇ ಸೆಂಟರ್ ಮ್ಯಾನಿಫೋಲ್ಡ್. ಸೊನ್ನೆಯಲ್ಲಿ ಅದು y = 0 ಅಕ್ಷವನ್ನು ಸವರಿಕೊಂಡು ಹೋಗುತ್ತದೆ, ಆದರೆ ಅಕ್ಷವೇ ಅಲ್ಲ.

y = x² ಹಾಕಿ: x' = x⁴ - x⁵. ಚಿಕ್ಕ x ಗೆ x⁴ ದೊಡ್ಡದು, x⁵ ಲೆಕ್ಕಕ್ಕಿಲ್ಲ. x ಧನವಾಗಿದ್ದರೆ ಬೆಳೆಯುತ್ತದೆ, ಬಿಂದು ಅಸ್ಥಿರ. ಅಂದಾಜು ಸಾಕಷ್ಟು ಚೆನ್ನಾಗಿದೆಯೇ ಎಂದೂ ನೋಡಬೇಕು. y = h(x) ಎಂದು ಇಟ್ಟು, ಗೆರೆಯ ಮೇಲೆ ಹೊರಟದ್ದು ಗೆರೆಯ ಮೇಲೆಯೇ ಇರಬೇಕು ಎಂಬ ಷರತ್ತು ಬರೆಯಿರಿ: h'(x)·x' = -h + x². ಮುಂದಿನ ಪದ ಬಿಡಿಸಿದರೆ h = x² - 2x⁵ ಬರುತ್ತದೆ. x' ಗೆ ಅದು ಕೂಡಿಸುವುದು -2x⁷ ಮಾತ್ರ. x⁴ ಅಲುಗುವುದಿಲ್ಲ, ತೀರ್ಪೂ ಬದಲಾಗುವುದಿಲ್ಲ.

ಸ್ಕ್ರೀನಿನ ಮೇಲೆ ಇದು ಕಣ್ಣಿಗೆ ಬೀಳದಿರಲು ಕಾರಣ ವೇಗ. x = 0.1 ರಿಂದ 50 ಸೆಕೆಂಡ್ ಓಡಿಸಿದರೆ x ಹೋಗುವುದು ಸುಮಾರು 0.105ಕ್ಕೆ ಮಾತ್ರ. ಗ್ರಾಫ್ ನೋಡಿದವರು ಚಪ್ಪಟೆ ಎಂದು ಎದ್ದುಹೋಗುತ್ತಾರೆ. ಕೆಲವು ನೂರು ಸೆಕೆಂಡ್ ತಾಳಿದರೆ ಅದು ಎದ್ದು x = 1 ಕಡೆಗೆ ಹೋಗುತ್ತದೆ. x ಋಣವಾಗಿದ್ದ ಕಡೆಯಿಂದ ಹೊರಟದ್ದು ಮಾತ್ರ ಸೊನ್ನೆಯತ್ತಲೇ ಬರುತ್ತದೆ. ಒಂದೇ ಬದಿಯಿಂದ ಪರೀಕ್ಷಿಸಿದವರು ಆಗಲೂ ಮೋಸಹೋಗುತ್ತಾರೆ.

ಕರಾವಳಿ_ಕಂಟ್ರೋಲ್ಸ್

ಕಂಟ್ರೋಲ್ ಕೆಲಸದಲ್ಲಿ ನಾವು ಇಷ್ಟೆಲ್ಲ ಮಾಡುವುದಿಲ್ಲ. ರಿಯಲ್ ಭಾಗ ಸೊನ್ನೆ ಬಂದರೆ ಗೇನ್ ಸ್ವಲ್ಪ ಬದಲಿಸಿ ಋಣಕ್ಕೆ ತಳ್ಳುತ್ತೇವೆ. -0.001 ಬಂದರೂ ಋಣ ಋಣವೇ, ಜಾಕೋಬಿಯನ್ ತೀರ್ಪು ಕೊಟ್ಟಂತೆ.

ಅಂಕಿಸಂಖ್ಯೆ

ತೀರ್ಪು ಕೊಡುತ್ತದೆ, ಆದರೆ ಎಷ್ಟು ಹತ್ತಿರದವರೆಗೆ ಎಂದು ಹೇಳುವುದಿಲ್ಲ. x' = -0.001x + x³ ತೆಗೆದುಕೊಳ್ಳಿ. ಸೊನ್ನೆ ಸ್ಥಿರ, ಅನುಮಾನವಿಲ್ಲ. ಆದರೆ x 0.032 ದಾಟಿದರೆ ಓಡಿಹೋಗುತ್ತದೆ, 0.001ರ ವರ್ಗಮೂಲ ಅಷ್ಟೇ. ನಿಮ್ಮ ಸೆನ್ಸರ್‌ನ ಗದ್ದಲವೇ 0.05 ಇದ್ದರೆ ಆ ಸ್ಥಿರತೆಯಿಂದ ಏನೂ ಪ್ರಯೋಜನವಿಲ್ಲ. ಘನ ಪದದ ಚಿಹ್ನೆ ಋಣವಾಗಿದ್ದರೆ ಇದೇ -0.001 ನಿರಪಾಯ. ಆದ್ದರಿಂದ ಸೊನ್ನೆಯ ಹತ್ತಿರ ಇರುವಾಗಲೂ ಎಸೆದ ಪದಗಳನ್ನು ಒಮ್ಮೆ ತಿರುಗಿ ನೋಡಲೇಬೇಕು.

ಬೆಣ್ಣೆಕಲ್ಲು

ತಡವಾಗಿ ಬಂದೆ. 6 ವೇರಿಯಬಲ್‌ಗಳ ರಾಸಾಯನಿಕ ಕ್ರಿಯೆಯ ಮಾದರಿ. ಜಾಕೋಬಿಯನ್ ಕೈಯಲ್ಲಿ ಬರೆಯಲಾಗದೆ ವ್ಯತ್ಯಾಸದ ವಿಧಾನದಲ್ಲಿ ತೆಗೆದೆ, ಹೆಜ್ಜೆ 1e-8. ಒಂದು ಐಗನ್ ವ್ಯಾಲ್ಯೂ -3e-9, ಒಂದು ಜೋಡಿ 2e-7 ± 0.7i, ಉಳಿದವು ಸ್ಪಷ್ಟವಾಗಿ ಋಣ. ಆ -3e-9 ಅನ್ನು ಋಣ ಎನ್ನಲೇ, ಸೊನ್ನೆ ಎನ್ನಲೇ?

ಅಂಕಿಸಂಖ್ಯೆ

ಆ ಹೆಜ್ಜೆಯಲ್ಲಿ ಮ್ಯಾಟ್ರಿಕ್ಸ್‌ನ ಒಂದೊಂದು ಅಂಕಿಯಲ್ಲೂ 1e-8ರಷ್ಟು ತಪ್ಪು ಇರುವುದು ಸಹಜ. ಅದಕ್ಕಿಂತ ಚಿಕ್ಕದಾದ ಸಂಖ್ಯೆಯ ಚಿಹ್ನೆಗೆ ಅರ್ಥವಿಲ್ಲ. ಮ್ಯಾಟ್ರಿಕ್ಸ್ ಪೂರ್ತಿ ನಿಖರವಾಗಿದ್ದರೂ, ಸೊನ್ನೆ ಎರಡು ಸಲ ಬಂದು ಅದಕ್ಕೆ ಒಂದೇ ಐಗನ್ ವೆಕ್ಟರ್ ಇದ್ದರೆ, 1e-16ರ ದುಂಡು ಮಾಡುವ ತಪ್ಪು ವರ್ಗಮೂಲವಾಗಿ 1e-8 ಆಗಿ ಹೊರಬರುತ್ತದೆ. ಎರಡೂ ಕಡೆಯ ವ್ಯತ್ಯಾಸ ತೆಗೆಯುವ ವಿಧಾನಕ್ಕೆ ಬದಲಾಯಿಸಿ, ಹೆಜ್ಜೆ 1e-5 ಮತ್ತು 1e-6 ಎರಡರಲ್ಲೂ ಓಡಿಸಿ. ಸಂಖ್ಯೆ ಕುಣಿದಾಡಿದರೆ ಅದು ಬರೀ ಗದ್ದಲ.

ಶೂನ್ಯಬಿಂದು

ಅದಕ್ಕೂ ಮೊದಲು ಒಂದು ಪ್ರಶ್ನೆ. ಆ ಕ್ರಿಯೆಯಲ್ಲಿ ಒಟ್ಟು ಮೊತ್ತ ಬದಲಾಗದ ವಸ್ತು ಯಾವುದಾದರೂ ಇದೆಯೇ? ಕಿಣ್ವ ಇದ್ದರೆ ಬಿಡಿಯಾಗಿರುವುದು ಮತ್ತು ಕಟ್ಟಿಕೊಂಡಿರುವುದು ಕೂಡಿ ಯಾವಾಗಲೂ ಅಷ್ಟೇ ಇರುತ್ತದೆ. ಹಾಗೆ ಉಳಿಯುವ ಪ್ರತಿಯೊಂದು ಮೊತ್ತಕ್ಕೂ ಒಂದು ಸೊನ್ನೆ ಬಂದೇ ಬರುತ್ತದೆ. ಆ ಮೊತ್ತ ಬಳಸಿ ಒಂದು ವೇರಿಯಬಲ್ ತೆಗೆದುಹಾಕಿ, 5ರ ಮ್ಯಾಟ್ರಿಕ್ಸ್‌ಗೆ ಇಳಿಸಿ. ಸೊನ್ನೆ ತಾನೇ ಹೋಗುತ್ತದೆ.

ಬೆಣ್ಣೆಕಲ್ಲು

ಹೌದು, ಕಿಣ್ವ ಇದೆ. ಮೊತ್ತ ಬಳಸಿ 5ಕ್ಕೆ ಇಳಿಸಿದೆ, -3e-9 ಮಾಯವಾಯಿತು. ಆದರೆ ಜೋಡಿ ಉಳಿದಿದೆ. ಎರಡೂ ಕಡೆಯ ವ್ಯತ್ಯಾಸದಲ್ಲಿ 1e-5 ಹೆಜ್ಜೆಗೆ ರಿಯಲ್ ಭಾಗ 2.1e-7, 1e-6 ಹೆಜ್ಜೆಗೆ 1.9e-7. ಚಿಹ್ನೆ ಬದಲಾಗುತ್ತಿಲ್ಲ.

ಅಂಕಿಸಂಖ್ಯೆ

ಹಾಗಿದ್ದರೆ ಅದು ನಿಜವಾಗಿಯೂ ಧನ, ಅಸ್ಥಿರ ಎನ್ನುವುದೇ ನನ್ನ ಒಲವು. ಬೆಳೆಯಲು 50 ಲಕ್ಷ ಸೆಕೆಂಡ್ ಬೇಕು, ಅಷ್ಟೇ.

ಶೂನ್ಯಬಿಂದು

ನಾನು ಅಷ್ಟು ಬೇಗ ಒಪ್ಪುವುದಿಲ್ಲ. ಸಮತೋಲನ ಬಿಂದುವನ್ನೇ ಯಾವ ನಿಖರತೆಗೆ ಬಿಡಿಸಿದ್ದೀರಿ? ಬಿಂದು 1e-7 ಆಚೀಚೆ ಇದ್ದರೆ ರಿಯಲ್ ಭಾಗವೂ ಅಷ್ಟೇ ಆಚೀಚೆ ಆಗುತ್ತದೆ, ಜಾಕೋಬಿಯನ್ನಿನ ಹೆಜ್ಜೆ ಎಷ್ಟು ಬದಲಿಸಿದರೂ ಅದು ಗೊತ್ತಾಗದು. ದರಗಳನ್ನು ಎಷ್ಟು ಅಂಕಿಗಳವರೆಗೆ ಅಳೆದಿದ್ದಾರೆ ಎಂಬುದೂ ಇದೆ. ನ್ಯೂಟನ್ ವಿಧಾನದ ಮಿತಿಯನ್ನು 1e-13ಕ್ಕೆ ಇಳಿಸಿ, ಬಿಂದುವನ್ನು ಮತ್ತೆ ಬಿಡಿಸಿ, ಬಂದದ್ದನ್ನು ಇಲ್ಲಿ ಹಾಕಿ.

ಬೆಣ್ಣೆಕಲ್ಲು

ಮಿತಿ 1e-6 ಇಟ್ಟಿದ್ದೆ. ಬದಲಿಸಿ ಮತ್ತೆ ಓಡಿಸುತ್ತೇನೆ.